ಪಾಸ್‌ವರ್ಡ್ ಮ್ಯಾನೇಜರ್: ಒಬ್ಬರಿಗೋ, ಮನೆಮಂದಿಗೆಲ್ಲವೋ?

ತಿಂಗಳ ಕೊನೆಯ ವಾರ. ಮನೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬೆಳಗಿನಿಂದ ಒಂದರ ಹಿಂದೆ ಒಂದು ಪ್ರಶ್ನೆ. ‘ಹಾಟ್‌ಸ್ಟಾರ್ ಪಾಸ್‌ವರ್ಡ್ ಯಾರು ಬದಲಾಯಿಸಿದ್ದು?’ ‘ಫಾಸ್ಟ್ಯಾಗ್ ಯಾರ ನಂಬರಿನಲ್ಲಿದೆ?’ ‘ಅಪ್ಪಾ, ಗ್ಯಾಸ್ ಬುಕ್ ಮಾಡೋಕೆ ಯಾವ ಪಾಸ್‌ವರ್ಡ್ ಇಟ್ಟಿದ್ದೀರಿ?’ ಅಪ್ಪನ ಉತ್ತರ ಡೈರಿಯ ಕೊನೆಯ ಪುಟದ ಫೋಟೊ. ಅದರಲ್ಲಿ ಒಂದೇ ಹೆಸರಿನ ಮುಂದೆ ಮೂರು ಪಾಸ್‌ವರ್ಡ್. ಎರಡಕ್ಕೆ ಗೀಟು ಹಾಕಿದೆ, ಮೂರನೆಯದರ ಕೊನೆಯಲ್ಲಿರುವುದು ಸೊನ್ನೆಯೋ ‘ಓ’ ಅಕ್ಷರವೋ ಗೊತ್ತಾಗುವುದಿಲ್ಲ.

ಇಂಥ ಮನೆಗಳಲ್ಲಿ ಯಾರಾದರೊಬ್ಬರು ಒಂದು ದಿನ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಳ್ಳುತ್ತಾರೆ. ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಕಡೆ ಭದ್ರವಾಗಿಟ್ಟು, ಒಂದೇ ಮಾಸ್ಟರ್ ಪಾಸ್‌ವರ್ಡ್‌ನಿಂದ ತೆರೆಯುವ ಆ್ಯಪ್ ಅದು. ಹಣ ಕಟ್ಟುವ ಪುಟಕ್ಕೆ ಬಂದಾಗ ಎರಡು ಆಯ್ಕೆ ಕಾಣುತ್ತವೆ: ವೈಯಕ್ತಿಕ ಪ್ಲಾನ್ ಮತ್ತು ಫ್ಯಾಮಿಲಿ ಪ್ಲಾನ್. ಹೆಚ್ಚಿನವರು ತಲೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ ಒಂದನ್ನು ಒತ್ತಿಬಿಡುತ್ತಾರೆ. ಆದರೆ ಇವೆರಡರ ನಿಜವಾದ ವ್ಯತ್ಯಾಸ ಬೆಲೆಯಲ್ಲಿಲ್ಲ. ಮನೆಯಲ್ಲಿ ಒಬ್ಬರು ಇಲ್ಲದಿದ್ದಾಗ, ಅವರ ಕೈಯಲ್ಲಿದ್ದದ್ದು ಉಳಿದವರಿಗೆ ಹೇಗೆ ಸಿಗುತ್ತದೆ ಎಂಬುದರಲ್ಲಿದೆ.

ಕಂಪನಿಗೂ ತೆರೆಯಲಾಗದ ಬೀಗ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್, ಪ್ರೋಟಾನ್ ಪಾಸ್‌ನಂಥ ಸೇವೆಗಳಲ್ಲಿ ನಿಮ್ಮ ಪಾಸ್‌ವರ್ಡ್‌ಗಳು ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಗೂಢಲಿಪಿಯಾಗಿ ಬದಲಾಗಿ, ಆಮೇಲೆ ಕಂಪನಿಯ ಸರ್ವರ್‌ಗೆ ಹೋಗುತ್ತವೆ. ಅದನ್ನು ಬಿಡಿಸುವ ಕೀಲಿ ಹುಟ್ಟುವುದು ನಿಮ್ಮ ಮಾಸ್ಟರ್ ಪಾಸ್‌ವರ್ಡ್‌ನಿಂದ. ಆ ಮಾಸ್ಟರ್ ಪಾಸ್‌ವರ್ಡ್ ಕಂಪನಿಯ ಬಳಿ ಇರುವುದೇ ಇಲ್ಲ.

ಹಾಗಾಗಿ ಅದನ್ನು ಮರೆತರೆ ಬ್ಯಾಂಕಿನಂತೆ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ ಒಟಿಪಿ ತರಿಸಿಕೊಳ್ಳುವ ದಾರಿ ಇಲ್ಲ. ಮರಣ ಪ್ರಮಾಣಪತ್ರ ಹಿಡಿದು ಮಗ ಕಂಪನಿಗೆ ಬರೆದರೂ ಅವರು ತೆರೆದುಕೊಡಲಾರರು. ಕೊಡಬಾರದೆಂಬ ನಿಯಮಕ್ಕಿಂತ ಮೊದಲು, ಕೊಡಲು ಅವರ ಬಳಿ ಕೀಲಿಯೇ ಇಲ್ಲ. ಮುಂದೆ ಬರುವ ಹಂಚಿಕೆಯ ವಾಲ್ಟ್, ತುರ್ತು ಪ್ರವೇಶ ಎರಡೂ ಹುಟ್ಟಿರುವುದು ಈ ಬಿಗಿಯಿಂದಲೇ. ಇನ್ನೊಬ್ಬರಿಗೆ ದಾರಿ ಬೇಕಾದರೆ ನೀವು ಚೆನ್ನಾಗಿರುವಾಗಲೇ ಮಾಡಿಡಬೇಕು.

ಹಂಚಿಕೆಯ ವಾಲ್ಟ್ ಎಂದರೆ

ಮನೆಯ ಬೀರುವಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೀಗದ ಖಾನೆ, ಜೊತೆಗೆ ಎಲ್ಲರ ಬಳಿಯೂ ಕೀಲಿ ಇರುವ ಒಂದು ದೊಡ್ಡ ಖಾನೆ ಇದ್ದರೆ ಹೇಗೋ, ಫ್ಯಾಮಿಲಿ ಪ್ಲಾನ್ ಹಾಗೆ. ವೈಯಕ್ತಿಕ ಪ್ಲಾನ್‌ನಲ್ಲಿ ಇರುವುದು ನಿಮ್ಮ ಖಾನೆ ಮಾತ್ರ.

ಫ್ಯಾಮಿಲಿ ಪ್ಲಾನ್ ಎಂದರೆ ಎಲ್ಲರೂ ಎಲ್ಲರದ್ದನ್ನೂ ನೋಡಬಹುದು ಎಂಬ ಅಂಜಿಕೆ ಹಲವರಿಗಿದೆ. ಹಾಗಲ್ಲ. ಹಣ ಕಟ್ಟಿದ ಮಗನಿಗೂ ಅಮ್ಮನ ಖಾಸಗಿ ವಾಲ್ಟ್ ಕಾಣುವುದಿಲ್ಲ. ಅಮ್ಮ ತಾನಾಗಿ ಹಂಚಿಕೆಯ ವಾಲ್ಟ್‌ಗೆ ಹಾಕಿದ್ದು ಮಾತ್ರ ಕಾಣುತ್ತದೆ. ಬಿಟ್‌ವಾರ್ಡನ್‌ನಲ್ಲಿ ಈ ಹಂಚಿಕೆಯ ಭಾಗಗಳಿಗೆ ‘ಕಲೆಕ್ಷನ್’ ಎನ್ನುತ್ತಾರೆ. ‘ಬಿಲ್‌ಗಳು’ ಎಂಬ ಕಲೆಕ್ಷನ್ ಎಲ್ಲರಿಗೂ, ‘ಮಕ್ಕಳ ಶಾಲೆ’ ಗಂಡ ಹೆಂಡತಿಗೆ ಮಾತ್ರ, ಹೀಗೆ ಪಾಲು ಮಾಡಬಹುದು. ಯಾರು ನೋಡಬಹುದು, ಯಾರು ತಿದ್ದಬಹುದು ಎಂಬುದನ್ನೂ ಗೊತ್ತುಮಾಡಬಹುದು.

ಇದರ ದೊಡ್ಡ ಲಾಭವೆಂದರೆ ಎಲ್ಲರೂ ನೋಡುತ್ತಿರುವುದು ಒಂದೇ ಪ್ರತಿ. ಮಗಳು ವೈಫೈ ಪಾಸ್‌ವರ್ಡ್ ಬದಲಾಯಿಸಿ ಉಳಿಸಿದರೆ ಅಪ್ಪನ ಫೋನಿನಲ್ಲೂ ಹೊಸದೇ ಕಾಣುತ್ತದೆ. ಗೂಗಲ್ ತನ್ನ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಕುಟುಂಬದವರಿಗೆ ಹಂಚುವ ಸೌಲಭ್ಯವನ್ನು ಉಚಿತವಾಗಿ ಕೊಟ್ಟಿದೆ. ಆದರೆ ಅಲ್ಲಿ ಹೋಗುವುದು ನಕಲು. ನೀವು ಮುಂದೆ ಪಾಸ್‌ವರ್ಡ್ ಬದಲಾಯಿಸಿದರೆ ಮತ್ತೊಮ್ಮೆ ಕಳಿಸಬೇಕು. ಇಲ್ಲದಿದ್ದರೆ ಡೈರಿಯಲ್ಲಿದ್ದ ಗೀಟಿನ ಗೊಂದಲವೇ ಫೋನಿಗೆ ಬಂದಂತೆ.

ಹಂಚಿಕೆಗೆ ಎರಡು ಮಿತಿಗಳೂ ಇವೆ. ಒಂದು, ಒಮ್ಮೆ ತೋರಿಸಿದ್ದನ್ನು ಹಿಂದಕ್ಕೆ ಪಡೆಯಲಾಗದು. ಒಬ್ಬರನ್ನು ಪ್ಲಾನ್‌ನಿಂದ ತೆಗೆದರೆ ವಾಲ್ಟ್ ಅವರಿಗೆ ಮುಚ್ಚುತ್ತದೆ, ಆದರೆ ಅವರು ಈಗಾಗಲೇ ಬರೆದುಕೊಂಡ ಪಾಸ್‌ವರ್ಡ್ ಅಳಿಸಿಹೋಗುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ಪಾಸ್‌ವರ್ಡನ್ನು ಚುಕ್ಕಿಗಳ ಹಿಂದೆ ಮುಚ್ಚಿಟ್ಟು, ಲಾಗಿನ್‌ಗೆ ಮಾತ್ರ ಬಳಸಲು ಬಿಡುವ ಆಯ್ಕೆ ಇದೆ. ಅದು ಕಣ್ತಪ್ಪಿ ಕಾಣುವುದನ್ನು ತಡೆಯುತ್ತದೆ, ಅಷ್ಟೇ. ತಿಳಿದವರು ಅದನ್ನು ಹೊರತೆಗೆಯಬಲ್ಲರು. ಸಂಬಂಧ ಹಳಸಿ ಯಾರಾದರೂ ಹೊರಹೋದರೆ ಹಂಚಿಕೆಯಲ್ಲಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸುವುದೊಂದೇ ಉಪಾಯ.

ಇನ್ನೊಂದು, ಹಂಚಿಕೆಯ ವಾಲ್ಟ್‌ನ ಭದ್ರತೆ ಮನೆಯ ಅತ್ಯಂತ ದುರ್ಬಲ ಮಾಸ್ಟರ್ ಪಾಸ್‌ವರ್ಡ್‌ನಷ್ಟೇ. 2022ರಲ್ಲಿ ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ವಾಲ್ಟ್‌ಗಳ ನಕಲುಗಳನ್ನು ಕಳ್ಳರು ಹೊತ್ತೊಯ್ದರು. ಗೂಢಲಿಪಿಯಲ್ಲಿದ್ದದ್ದನ್ನು ಬಿಡಿಸಲು ಅವರಿಗೆ ಉಳಿದಿದ್ದ ದಾರಿ ಮಾಸ್ಟರ್ ಪಾಸ್‌ವರ್ಡ್ ಊಹಿಸುವುದು. ಇಂಥದ್ದು ನಡೆದಾಗ ಐವರು ಗಟ್ಟಿ ಪಾಸ್‌ವರ್ಡ್ ಇಟ್ಟು, ಆರನೆಯವರು ಮೊಮ್ಮಗನ ಹೆಸರೂ ಹುಟ್ಟಿದ ವರ್ಷವೂ ಸೇರಿಸಿ ಇಟ್ಟಿದ್ದರೆ, ಕಳ್ಳನಿಗೆ ಆರನೆಯವರ ಮೂಲಕ ಹಂಚಿಕೆಯ ಖಾನೆಯೂ ಸಿಗುತ್ತದೆ. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದ ಉದ್ದನೆಯ ಮಾಸ್ಟರ್ ಪಾಸ್‌ವರ್ಡ್ ಹಿರಿಯರಿಗೆ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ.

ತುರ್ತು ಪ್ರವೇಶ ನಡೆಯುವ ಬಗೆ

ಹಂಚಿಕೆಯ ವಾಲ್ಟ್ ಇದ್ದರೆ ಸಾಲದೇ ಎಂದರೆ ಸಾಲದು. ಅಪ್ಪನ ಇಮೇಲ್, ಷೇರು ಖಾತೆ, ವಿಮೆಯ ಕಾಗದಗಳು ಅವರ ಖಾಸಗಿ ಖಾನೆಯಲ್ಲೇ ಇರುತ್ತವೆ. ಇರಬೇಕಾದದ್ದೂ ಅಲ್ಲೇ. ಅವರು ಆಸ್ಪತ್ರೆಯಲ್ಲಿ ಮಲಗಿದರೆ ಆ ಖಾನೆಯನ್ನು ತೆರೆಯುವ ವ್ಯವಸ್ಥೆಯೇ ತುರ್ತು ಪ್ರವೇಶ.

ಇದನ್ನು ಬಿಟ್‌ವಾರ್ಡನ್‌ನಲ್ಲಿ ನೋಡೋಣ. ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್‌ನ `Emergency access` ಪುಟಕ್ಕೆ ಹೋದರೆ ನಂಬಿಕಸ್ಥರೊಬ್ಬರ ಇಮೇಲ್ ಕೊಟ್ಟು ಆಹ್ವಾನಿಸಬಹುದು. ಆಗಲೇ ಎರಡು ವಿಷಯ ಗೊತ್ತುಮಾಡಬೇಕು. ಅವರು ನಿಮ್ಮ ಖಾನೆಯನ್ನು ನೋಡಿದರೆ ಸಾಕೋ, ಅಥವಾ ಹೊಸ ಮಾಸ್ಟರ್ ಪಾಸ್‌ವರ್ಡ್ ಇಟ್ಟು ಖಾತೆಯನ್ನೇ ವಶಕ್ಕೆ ತೆಗೆದುಕೊಳ್ಳಬೇಕೋ ಎಂಬುದು ಒಂದು. ಅವರು ಕೇಳಿದ ಮೇಲೆ ಎಷ್ಟು ದಿನ ಕಾಯಬೇಕು ಎಂಬುದು ಇನ್ನೊಂದು. ಕಾಯುವ ಅವಧಿ 1 ದಿನದಿಂದ 90 ದಿನಗಳವರೆಗೆ ಇಡಬಹುದು.

ಎಡವುವುದು ಇದರ ನಂತರದ ಹೆಜ್ಜೆಯಲ್ಲಿ. ಆಹ್ವಾನಿತರು ಒಪ್ಪಿಕೊಂಡ ಮೇಲೆ ನೀವು ಮತ್ತೆ ಅದೇ ಪುಟಕ್ಕೆ ಬಂದು `Confirm` ಒತ್ತಬೇಕು. ಅದನ್ನು ಒತ್ತಿದಾಗಲೇ ನಿಮ್ಮ ಕೀಲಿಯ ಒಂದು ಪ್ರತಿ ಅವರೊಬ್ಬರೇ ಬಿಡಿಸಬಲ್ಲ ಗೂಢಲಿಪಿಯಾಗಿ ಸರ್ವರ್‌ನಲ್ಲಿ ಕೂರುತ್ತದೆ. ಒತ್ತದಿದ್ದರೆ ಪಟ್ಟಿಯಲ್ಲಿ ಅವರ ಹೆಸರು ಇರುತ್ತದೆ, ಕೀಲಿ ಇರುವುದಿಲ್ಲ. ಮಗ ‘ಅಕ್ಸೆಪ್ಟ್ ಮಾಡಿದೆ ಅಪ್ಪ’ ಎಂದು ಹೇಳಿ, ಅಪ್ಪ ‘ಸರಿ’ ಎಂದು ಮರೆತುಬಿಟ್ಟರೆ ಆಪತ್ತಿನ ದಿನ ಏನೂ ತೆರೆಯುವುದಿಲ್ಲ. ಆ ಪುಟದಲ್ಲಿ ಮಗನ ಹೆಸರಿನ ಮುಂದೆ ಆಹ್ವಾನ ಬಾಕಿ, ದೃಢೀಕರಣ ಬಾಕಿ ಎಂಬ ಗುರುತು ಉಳಿದಿದ್ದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ.

ಕಾಯುವ ಅವಧಿ ಏಕೆ ಬೇಕು? ನಂಬಿಕಸ್ಥರ ನಂಬಿಕೆಯೂ ಕೆಡಬಹುದು, ಅವರ ಖಾತೆಯೇ ಕಳ್ಳರ ಪಾಲಾಗಬಹುದು. ಅವರು ಪ್ರವೇಶ ಕೇಳಿದ ಕೂಡಲೇ ನಿಮಗೆ ಇಮೇಲ್ ಬರುತ್ತದೆ. ನೀವು ಚೆನ್ನಾಗಿದ್ದರೆ ತಿರಸ್ಕರಿಸುತ್ತೀರಿ. ಅವಧಿ ಮುಗಿಯುವವರೆಗೂ ನೀವು ಸುಮ್ಮನಿದ್ದರೆ ಬಾಗಿಲು ತಾನಾಗಿ ತೆರೆಯುತ್ತದೆ. ಅಂದರೆ ಈ ಏರ್ಪಾಡಿನಲ್ಲಿ ನಿಮ್ಮ ಮೌನವೇ ಒಪ್ಪಿಗೆ. ವಾರಕ್ಕೊಮ್ಮೆಯೂ ಇಮೇಲ್ ನೋಡದವರು 1 ದಿನದ ಅವಧಿ ಇಡುವುದು ಅಪಾಯ. 90 ದಿನ ಇಟ್ಟರೆ ಆಸ್ಪತ್ರೆಯ ತುರ್ತಿಗೆ ಅದು ಉಪಯೋಗಕ್ಕೆ ಬಾರದು.

ಒಂದು ಮನೆಯ ಲೆಕ್ಕ

ಹಾಸನದಲ್ಲಿ ನಿವೃತ್ತ ತಂದೆ, ತಾಯಿ. ಬೆಂಗಳೂರಿನಲ್ಲಿ ಮಗ, ಸೊಸೆ. ಐರ್ಲೆಂಡಿನ ಡಬ್ಲಿನ್‌ನಲ್ಲಿ ಮಗಳು, ಅಳಿಯ. ಇಂಥದೊಂದು ಕುಟುಂಬವನ್ನು ಊಹಿಸಿಕೊಳ್ಳಿ. ಒಟ್ಟು ಆರು ಜನ, ಬಿಟ್‌ವಾರ್ಡನ್‌ನ ಫ್ಯಾಮಿಲಿ ಪ್ಲಾನ್‌ನಲ್ಲಿ ಆರೇ ಜಾಗ. ಹಣ ಕಟ್ಟುವವರೂ ಆ ಆರರಲ್ಲಿ ಒಬ್ಬರು.

ಹಂಚಿಕೆಯ ವಾಲ್ಟ್‌ನಲ್ಲಿ ಸೆಸ್ಕ್ ವಿದ್ಯುತ್ ಬಿಲ್‌ನ ಖಾತೆ, ಗ್ಯಾಸ್, ವೈಫೈ, ಒಟಿಟಿಗಳು, ಆರೋಗ್ಯ ವಿಮೆಯ ಪಾಲಿಸಿ ಸಂಖ್ಯೆ ಮತ್ತು ಪೋರ್ಟಲ್ ಲಾಗಿನ್ ಇವೆ. ತಂದೆಯ ಖಾಸಗಿ ಖಾನೆಯಲ್ಲಿ ಇಮೇಲ್, ಆದಾಯ ತೆರಿಗೆ, ಡಿಮ್ಯಾಟ್ ಖಾತೆಯ ವಿವರಗಳು. ತಂದೆ ತುರ್ತು ಪ್ರವೇಶಕ್ಕೆ ಮಗನನ್ನು ನೇಮಿಸಿ, ಏಳು ದಿನದ ಅವಧಿಯಿಟ್ಟು ‘ನೋಡಲು ಮಾತ್ರ’ ಎಂದು ಕೊಟ್ಟಿದ್ದಾರೆ.

ಒಂದು ಸೋಮವಾರ ತಂದೆಗೆ ಪಾರ್ಶ್ವವಾಯು. ಆಸ್ಪತ್ರೆಯ ಕೌಂಟರಿನಲ್ಲಿ ಕೇಳುವ ವಿಮೆಯ ವಿವರಕ್ಕೆ ಯಾರ ಅನುಮತಿಯೂ ಬೇಕಿಲ್ಲ. ತಾಯಿಯ ಫೋನಿನಲ್ಲಿರುವ ಹಂಚಿಕೆಯ ವಾಲ್ಟ್‌ನಲ್ಲೇ ಸಿಗುತ್ತದೆ. ಅದೇ ಸಂಜೆ ಮಗ ತನ್ನ ಖಾತೆಯಿಂದ ಪ್ರವೇಶ ಕೇಳುತ್ತಾನೆ. ಯಾರೂ ತಿರಸ್ಕರಿಸದಿದ್ದರೆ ಮುಂದಿನ ಸೋಮವಾರ ತಂದೆಯ ಖಾಸಗಿ ಖಾನೆ ಅವನಿಗೆ ತೆರೆಯುತ್ತದೆ. ಮೊದಲ ದಿನಕ್ಕೆ ಬೇಕಾದದ್ದು ಹಂಚಿಕೆಯಲ್ಲಿ, ಎರಡನೇ ವಾರಕ್ಕೆ ಬೇಕಾದದ್ದು ತುರ್ತು ಪ್ರವೇಶದಲ್ಲಿ. ಯಾವುದನ್ನು ಎಲ್ಲಿಡಬೇಕು ಎಂದು ತೂಗುವಾಗ ಈ ಲೆಕ್ಕವೇ ಸಾಕು.

ತಂದೆ ‘ನೋಡಲು ಮಾತ್ರ’ ಬದಲು ‘ವಶಕ್ಕೆ’ ಎಂದು ಕೊಟ್ಟಿದ್ದರೆ ಪರಿಣಾಮ ಬೇರೆಯಾಗುತ್ತಿತ್ತು. ಮಗ ಹೊಸ ಮಾಸ್ಟರ್ ಪಾಸ್‌ವರ್ಡ್ ಇಟ್ಟ ಕೂಡಲೇ ಹಳೆಯದು ರದ್ದು, ಆ ಖಾತೆಗಿದ್ದ ಎರಡನೇ ಹಂತದ ಪರಿಶೀಲನೆಯೂ ರದ್ದು. ತಂದೆ ಪ್ಲಾನ್‌ನ ಮಾಲೀಕರಲ್ಲದಿದ್ದರೆ ಅವರ ಖಾತೆ ಕುಟುಂಬದ ಗುಂಪಿನಿಂದ ತಾನಾಗಿ ಹೊರಬೀಳುತ್ತದೆ. ತಂದೆ ಚೇತರಿಸಿಕೊಂಡು ಮನೆಗೆ ಬಂದಾಗ ತಮ್ಮದೇ ಖಾನೆಯ ಹೊರಗೆ ನಿಂತಿರುತ್ತಾರೆ. ಬದುಕಿರುವವರ ವಿಷಯದಲ್ಲಿ ‘ನೋಡಲು ಮಾತ್ರ’ ಎಂಬುದೇ ಲೇಸು.

ಮರೆತವರಿಗೆ ಒಂದು ದಾರಿ, ಇಲ್ಲದವರಿಗೆ ಇನ್ನೊಂದು

ಎಲ್ಲ ಕಂಪನಿಗಳೂ ಇದೇ ರೀತಿ ಕೊಡುವುದಿಲ್ಲ. ಒನ್‌ಪಾಸ್‌ವರ್ಡ್‌ನಲ್ಲಿ ದಿನ ಕಾಯ್ದು ತೆರೆಯುವ ತುರ್ತು ಪ್ರವೇಶವಿಲ್ಲ. ಬದಲಿಗೆ ಫ್ಯಾಮಿಲಿ ಪ್ಲಾನ್‌ನ ಮುಖ್ಯಸ್ಥರು ಮಾಸ್ಟರ್ ಪಾಸ್‌ವರ್ಡ್ ಮರೆತ ಸದಸ್ಯರಿಗೆ ಖಾತೆಯನ್ನು ಮರಳಿ ಕೊಡಿಸಬಹುದು. ಸದಸ್ಯರ ಇಮೇಲ್‌ಗೆ ಕೊಂಡಿ ಬರುತ್ತದೆ, ಅವರು ಹೊಸ ಪಾಸ್‌ವರ್ಡ್ ಇಡುತ್ತಾರೆ, ಮುಖ್ಯಸ್ಥರು ಕೊನೆಯಲ್ಲಿ ಅನುಮೋದಿಸುತ್ತಾರೆ. ಒಳಗಿನದು ಮುಖ್ಯಸ್ಥರಿಗೆ ಕಾಣುವುದಿಲ್ಲ.

ಮರೆವಿನ ಅಪ್ಪ ಅಮ್ಮಂದಿರ ಮನೆಗೆ ಇದು ಬಹಳ ಒಳ್ಳೆಯದು. ಬಿಟ್‌ವಾರ್ಡನ್‌ನ ಫ್ಯಾಮಿಲಿ ಪ್ಲಾನ್‌ನಲ್ಲಿ ಮಾಲೀಕರಿಗೆ ಸದಸ್ಯರ ಪಾಸ್‌ವರ್ಡ್ ಹೀಗೆ ಮರುಹೊಂದಿಸುವ ಅಧಿಕಾರವಿಲ್ಲ. ಅಲ್ಲಿ ಮರೆತವರೂ ತುರ್ತು ಪ್ರವೇಶದ ದಾರಿಯಲ್ಲೇ ಬರಬೇಕು. ಅಮ್ಮ ಚೆನ್ನಾಗಿಯೇ ಇದ್ದು ಪಾಸ್‌ವರ್ಡ್ ಮಾತ್ರ ಮರೆಯುವ ಸಂಭವ ಹೆಚ್ಚಿದ್ದರೆ, ಅಲ್ಲಿ ‘ವಶಕ್ಕೆ’ ಎಂಬ ಆಯ್ಕೆಗೂ ಅರ್ಥವಿದೆ.

ಆದರೆ ತೀರಿಕೊಂಡವರ ಖಾತೆಗೆ ಒನ್‌ಪಾಸ್‌ವರ್ಡ್‌ನ ಮರುಪಡೆಯುವ ವಿಧಾನ ಸುಲಭದ್ದಲ್ಲ, ಏಕೆಂದರೆ ಅದು ಸದಸ್ಯರ ಇಮೇಲ್ ಮೂಲಕವೇ ನಡೆಯಬೇಕು. ಅದಕ್ಕಾಗಿ ಆ ಕಂಪನಿ ‘ಎಮರ್ಜೆನ್ಸಿ ಕಿಟ್’ ಎಂಬ ಒಂದು ಪುಟದ ಪಿಡಿಎಫ್ ಕೊಡುತ್ತದೆ. ಅದರಲ್ಲಿ ಲಾಗಿನ್ ವಿಳಾಸ, ಇಮೇಲ್ ಮತ್ತು ಖಾತೆಯ ಸೀಕ್ರೆಟ್ ಕೀ ಅಚ್ಚಾಗಿರುತ್ತವೆ, ಮಾಸ್ಟರ್ ಪಾಸ್‌ವರ್ಡ್ ಬರೆಯಲು ಖಾಲಿ ಜಾಗವಿರುತ್ತದೆ. ಅದನ್ನು ಪ್ರಿಂಟ್ ತೆಗೆದು, ಕೈಯಲ್ಲಿ ತುಂಬಿ, ಆಸ್ತಿಪತ್ರಗಳಿರುವಲ್ಲಿ ಇಡಬೇಕು.

ಎರಡೂ ಕಡೆ ಅನ್ವಯಿಸುವ ಒಂದು ಎಚ್ಚರಿಕೆ: ಮಾಲೀಕರೋ ಮುಖ್ಯಸ್ಥರೋ ಒಬ್ಬರೇ ಇರಬಾರದು. ಪ್ಲಾನ್ ತೆಗೆದುಕೊಂಡ ಮಗನೇ ಇಲ್ಲವಾದರೆ ಸದಸ್ಯರನ್ನು ಸೇರಿಸುವವರು, ಮರುಪಡೆದು ಕೊಡುವವರು ಯಾರೂ ಇರುವುದಿಲ್ಲ. ಅವನ ಕಾರ್ಡಿನಿಂದ ಹಣ ಹೋಗುವುದೂ ನಿಲ್ಲುತ್ತದೆ. ಒನ್‌ಪಾಸ್‌ವರ್ಡ್‌ನಲ್ಲಿ ಚಂದಾ ನಿಂತರೆ ಇದ್ದದ್ದನ್ನು ನೋಡಬಹುದು, ಹೊಸದು ಸೇರಿಸಲಾಗದು. ಬಿಟ್‌ವಾರ್ಡನ್‌ನಲ್ಲಿ ಖಾಸಗಿ ಖಾನೆ ಉಳಿದರೂ ಹಂಚಿಕೆಯ ವಾಲ್ಟ್ ಹಣ ಕಟ್ಟುವವರೆಗೆ ಮುಚ್ಚುತ್ತದೆ. ಸೊಸೆಗೋ ಮಗಳಿಗೋ ಸಮಾನ ಅಧಿಕಾರ ಕೊಟ್ಟಿಡುವುದು ಐದು ನಿಮಿಷದ ಕೆಲಸ.

ಏಳನೆಯವರು ಬಂದಾಗ

ಹಾಸನದ ಮನೆಗೆ ಈಗ ಸೊಸೆಯ ತಾಯಿಯೂ ಸೇರಿಕೊಂಡರು ಎನ್ನಿ. ಬಿಟ್‌ವಾರ್ಡನ್‌ನಲ್ಲಿ ಏಳನೇ ಜಾಗವಿಲ್ಲ. ಒನ್‌ಪಾಸ್‌ವರ್ಡ್‌ನಲ್ಲಿ ಮೂಲ ಜಾಗ ಐದೇ, ಆದರೆ ತಲಾ ಸ್ವಲ್ಪ ಹಣ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಒಂದೇ ವಾಲ್ಟ್ ನೋಡಬಲ್ಲ ‘ಅತಿಥಿ’ಗಳನ್ನೂ ಸೇರಿಸಬಹುದು. ಗೂಗಲ್‌ನ ಫ್ಯಾಮಿಲಿ ಗ್ರೂಪ್‌ನಲ್ಲೂ ಆರು ಜನರ ಮಿತಿಯಿದೆ. ಅಲ್ಲಿ ಎಲ್ಲರೂ ಒಂದೇ ದೇಶದವರಾಗಿರಬೇಕು ಎಂಬ ನಿಯಮವಿರುವುದರಿಂದ ಡಬ್ಲಿನ್‌ನ ಮಗಳು ಆ ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲೊಂದು ಮುಖ್ಯ ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಬಿಟ್‌ವಾರ್ಡನ್‌ನಲ್ಲಿ ತುರ್ತು ಪ್ರವೇಶ ಕೊಡುವವರಿಗೆ ಹಣ ಕಟ್ಟಿದ ಪ್ಲಾನ್ ಬೇಕು, ಪಡೆಯುವವರಿಗೆ ಬೇಕಿಲ್ಲ. ಉಚಿತ ಖಾತೆ ಇದ್ದರೂ ಸಾಕು, ಅವರು ನಿಮ್ಮ ಫ್ಯಾಮಿಲಿ ಪ್ಲಾನ್‌ನ ಸದಸ್ಯರಾಗಿರಬೇಕೆಂದೂ ಇಲ್ಲ. ಹಾಗಾಗಿ ಆರು ಜಾಗ ಹಂಚುವಾಗ ದಿನನಿತ್ಯ ಪಾಸ್‌ವರ್ಡ್ ಹಂಚಿಕೊಳ್ಳುವವರಿಗೆ ಮತ್ತು ತಮ್ಮ ಖಾನೆಯನ್ನು ಬಿಟ್ಟುಕೊಡಬೇಕಾದ ಹಿರಿಯರಿಗೆ ಜಾಗ ಕೊಡಿ. ಕೀಲಿ ಪಡೆಯುವವರು ಹೊರಗಿದ್ದರೂ ನಡೆಯುತ್ತದೆ.

ಮನೆಯಲ್ಲಿ ಇಬ್ಬರೇ ಇದ್ದರೆ ಫ್ಯಾಮಿಲಿ ಪ್ಲಾನ್ ಬೇಕಾಗದೆಯೂ ಹೋಗಬಹುದು. ಬಿಟ್‌ವಾರ್ಡನ್‌ನಲ್ಲಿ ಇಬ್ಬರು ಸದಸ್ಯರ, ಎರಡು ಕಲೆಕ್ಷನ್‌ಗಳ ಗುಂಪನ್ನು ಉಚಿತವಾಗಿಯೇ ಮಾಡಿಕೊಳ್ಳಬಹುದು. ಅದರ ಜೊತೆ ಇಬ್ಬರೂ ವೈಯಕ್ತಿಕ ಪ್ರೀಮಿಯಂ ತೆಗೆದುಕೊಂಡು ಪರಸ್ಪರ ತುರ್ತು ಪ್ರವೇಶ ಕೊಟ್ಟುಕೊಂಡರೆ ಕೆಲಸ ಪೂರ್ಣ. ಒಂಟಿಯಾಗಿರುವ ಹಿರಿಯರಿಗೆ ಹಂಚಲು ಏನೂ ಇಲ್ಲದಿರಬಹುದು, ಆದರೆ ತುರ್ತು ಪ್ರವೇಶದ ಅಗತ್ಯ ಎಲ್ಲರಿಗಿಂತ ಹೆಚ್ಚು. ಅವರಿಗೆ ವೈಯಕ್ತಿಕ ಪ್ಲಾನೇ ಸರಿ.

ವಾಲ್ಟ್ ತೆರೆದರೂ ತೆರೆಯದ್ದು

ನಮ್ಮ ದೇಶದಲ್ಲಿ ಪಾಸ್‌ವರ್ಡ್ ಅರ್ಧ ಬಾಗಿಲು ಮಾತ್ರ. ಉಳಿದರ್ಧ ಒಟಿಪಿ, ಅದು ಬರುವುದು ಸಿಮ್‌ಗೆ. ತಂದೆಯ ವಾಲ್ಟ್ ಸಿಕ್ಕಿತೆಂದು ಅವರ ಸಿಮ್‌ನ ರೀಚಾರ್ಜ್ ಬಿಟ್ಟುಬಿಟ್ಟರೆ ಒಟಿಪಿ ಕೇಳುವ ಖಾತೆಗಳು ತೆರೆಯವು. ಫೋನಿನ ಸ್ಕ್ರೀನ್ ಲಾಕ್ ಪಿನ್ ಅನ್ನು ಅವರ ಖಾಸಗಿ ಖಾನೆಯಲ್ಲಿ ಒಂದು ಟಿಪ್ಪಣಿಯಾಗಿ ಬರೆದಿಟ್ಟಿರಬೇಕು, ಸಿಮ್ ಚಾಲ್ತಿಯಲ್ಲಿರಬೇಕು.

ಹಾಗೆಂದು ಬ್ಯಾಂಕಿನ ಪಿನ್, ಯುಪಿಐ ಪಿನ್‌ಗಳನ್ನು ಹಂಚಿಕೆಯ ವಾಲ್ಟ್‌ಗೆ ಹಾಕಬೇಡಿ. ಗ್ರಾಹಕರು ಪಾವತಿಯ ಗುಟ್ಟುಗಳನ್ನು ಬೇರೆಯವರಿಗೆ ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಪೂರ್ತಿ ಅವರದ್ದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ಮನೆಯವರಿಗೆ ಕೊಟ್ಟದ್ದು ಎಂಬ ವಿನಾಯಿತಿ ಅದರಲ್ಲಿಲ್ಲ. ತೀರಿಕೊಂಡವರ ನೆಟ್‌ಬ್ಯಾಂಕಿಂಗ್‌ಗೆ ಲಾಗಿನ್ ಆಗಿ ಹಣ ವರ್ಗಾಯಿಸುವುದಂತೂ ಮುಂದೆ ಉಳಿದ ವಾರಸುದಾರರೊಂದಿಗೆ ವ್ಯಾಜ್ಯಕ್ಕೆ ದಾರಿ. ಆ ಹಣಕ್ಕೆ ಇರುವ ಸರಿಯಾದ ಬಾಗಿಲು ನಾಮಿನಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಬಹುದು. ಯಾವ ಯಾವ ಬ್ಯಾಂಕಿನಲ್ಲಿ ಖಾತೆಯಿದೆ, ನಾಮಿನಿ ಯಾರು ಎಂಬ ಪಟ್ಟಿಯನ್ನು ವಾಲ್ಟ್‌ನಲ್ಲಿಡಿ. ಹಣ ತೆಗೆಯುವ ಕೀಲಿಯನ್ನಲ್ಲ.

ಯಾರಿಗೆ ಯಾವುದು

ಮೂರಕ್ಕಿಂತ ಹೆಚ್ಚು ಜನ, ಎರಡು ಊರು, ಹಂಚಿಕೊಳ್ಳುವ ಹತ್ತಾರು ಖಾತೆಗಳಿದ್ದರೆ ಫ್ಯಾಮಿಲಿ ಪ್ಲಾನ್ ತೆಗೆದುಕೊಳ್ಳಿ. ದಂಪತಿಗೆ, ಒಂಟಿಯಾಗಿರುವವರಿಗೆ ವೈಯಕ್ತಿಕ ಪ್ಲಾನ್ ಸಾಕು. ಮನೆಯಲ್ಲಿ ಮರೆಯುವವರು ಹೆಚ್ಚಿದ್ದರೆ ಮುಖ್ಯಸ್ಥರು ಮರುಪಡೆದು ಕೊಡುವ ಸೇವೆಯನ್ನು, ವಯಸ್ಸಾದವರೋ ಕಾಯಿಲೆಯವರೋ ಇದ್ದರೆ ಕಾಯುವ ಅವಧಿಯ ತುರ್ತು ಪ್ರವೇಶ ಇರುವುದನ್ನು ಆರಿಸಿ.

ಯಾವುದನ್ನೇ ತೆಗೆದುಕೊಂಡರೂ ಒಮ್ಮೆ ಪರೀಕ್ಷೆ ಮಾಡಿ ನೋಡಿ. ‘ನೋಡಲು ಮಾತ್ರ’ ಎಂಬ ಆಯ್ಕೆಯಲ್ಲಿ ಅವಧಿಯನ್ನು ಒಂದು ದಿನಕ್ಕೆ ಇಳಿಸಿ, ಮಗನಿಂದ ಪ್ರವೇಶ ಕೇಳಿಸಿ. ಅಪ್ಪನಿಗೆ ಇಮೇಲ್ ಬಂತೇ, ಮರುದಿನ ಖಾನೆ ತೆರೆಯಿತೇ ಎಂದು ಖಾತ್ರಿಪಡಿಸಿಕೊಂಡು, ಪ್ರವೇಶವನ್ನು ಹಿಂದಕ್ಕೆ ಪಡೆದು, ಮತ್ತೆ ಏಳು ದಿನಕ್ಕೆ ಏರಿಸಿ. ಹೀಗೆ ನೋಡಿರದ ತುರ್ತು ಪ್ರವೇಶವನ್ನು ನಂಬಿ ಡೈರಿಯನ್ನು ಎಸೆಯಬೇಡಿ.